ಮೂರು ವಾರದ ಡ್ರೋನ್ ಕೈಪಿಡಿ ಮೂರು ತಿಂಗಳು ಹಿಡಿದದ್ದು

ಹೊಲಕ್ಕೆ ಔಷಧಿ ಸಿಂಪಡಿಸುವ ಡ್ರೋನ್‌ನ ಕೈಪಿಡಿಯನ್ನು ಇಂಗ್ಲಿಷ್‌ನಿಂದ ಕನ್ನಡಕ್ಕೆ ಮಾಡಿ ಮುಗಿಸಿದೆ. ಮುದ್ರಣವಾದ ಪ್ರತಿ ಕಳೆದ ವಾರ ಕೈಗೆ ಬಂತು. ಮೂರು ವಾರದ ಕೆಲಸ ಎಂದುಕೊಂಡು ಒಪ್ಪಿದ್ದೆ, ಮೂರು ತಿಂಗಳು ಹಿಡಿಯಿತು. ಈಗ ಇಂಥ ಕೈಪಿಡಿಗಳು ಜಾಸ್ತಿ ಬರುತ್ತಿವೆ. ಸ್ತ್ರೀಶಕ್ತಿ ಸಂಘಗಳ ಹೆಣ್ಣುಮಕ್ಕಳು ಡ್ರೋನ್ ಕಲಿಯುತ್ತಿದ್ದಾರೆ, ಅವರಿಗೆ ಕನ್ನಡದ ಪುಸ್ತಕ ಬೇಕು. ನನಗೆ ಎಲ್ಲೆಲ್ಲಿ ತಡೆಯಾಯಿತು ಎಂದು ಬರೆದಿಟ್ಟರೆ ಮುಂದೆ ಈ ಕೆಲಸ ಹಿಡಿಯುವವರಿಗೆ ಅಷ್ಟು ದಿನ ಉಳಿಯಬಹುದು.

ಕೆಲಸ ಬಂದದ್ದು ಒಂದು ಅನುವಾದ ಏಜೆನ್ಸಿಯಿಂದ. ಡ್ರೋನ್ ಕಂಪನಿ ಬೆಂಗಳೂರಿನದೇ. ಕೆಲವು ಬಿಡಿಭಾಗ ಹೊರದೇಶದಿಂದ ತರಿಸಿ ಇಲ್ಲಿ ಜೋಡಿಸುತ್ತಾರೆ. 13,200 ಪದ, ಪದಕ್ಕೆ 1.75 ರೂಪಾಯಿ, ಒಟ್ಟು 23,100. ಪ್ಯಾನ್ ಕಾರ್ಡ್, ಬ್ಯಾಂಕ್ ವಿವರ, ಗುಟ್ಟು ಕಾಯುವ ಒಪ್ಪಂದಕ್ಕೆ ಸಹಿ, ಇಷ್ಟು ಕೇಳಿದರು. ಮುಂಗಡ ಇಲ್ಲ. ಕೈಪಿಡಿಯ ಪಿಡಿಎಫ್ ಕಳಿಸಿದರು. ನಾನು ಅದನ್ನೇ ಹಿಡಿದು ಶುರು ಮಾಡಿದೆ. ಇದು ನನ್ನ ಮೊದಲ ತಪ್ಪು. ಒಪ್ಪುವ ಮೊದಲೇ ಮೂರು ವಸ್ತು ಕೇಳಬೇಕಿತ್ತು: ಡ್ರೋನ್ ಆ್ಯಪ್‌ನ ಪರದೆಗಳ ಚಿತ್ರ, ಚಾರ್ಜರ್‌ನ ಪರದೆಯ ಚಿತ್ರ, ಮತ್ತು ಒಂದು ದಿನ ಆ ಡ್ರೋನನ್ನು ಕಣ್ಣಾರೆ ನೋಡುವ ಅವಕಾಶ. ಇವಿಲ್ಲದೆ ಹತ್ತು ದಿನ ಕೂತು ಬರೆದ ಕರಡಿನಲ್ಲಿ ಅರ್ಧ ಮತ್ತೆ ಬರೆಯಬೇಕಾಯಿತು.

ಯಾಕೆ ಎಂದರೆ, ಆ್ಯಪ್ ಇಂಗ್ಲಿಷ್‌ನಲ್ಲೇ ಇದೆ. ಅದು ನನಗೆ ಹತ್ತನೇ ದಿನ ಗೊತ್ತಾಯಿತು. ನಾನು ಎಲ್ಲ ಬಟನ್ ಹೆಸರನ್ನೂ ಕನ್ನಡ ಮಾಡಿಬಿಟ್ಟಿದ್ದೆ. ‘ಮರಳಿ ಮನೆಗೆ’ ಒತ್ತಿ ಎಂದು ಪುಸ್ತಕದಲ್ಲಿ ಓದಿದವರು ಪರದೆಯಲ್ಲಿ ಆ ಹೆಸರಿನ ಬಟನ್ ಹುಡುಕಿದರೆ ಸಿಗುವುದಿಲ್ಲ. ಅಲ್ಲಿರುವುದು RTH ಎಂಬ ಮೂರು ಅಕ್ಷರ. ಡ್ರೋನ್ ಆಕಾಶದಲ್ಲಿರುವಾಗ ಹುಡುಕುತ್ತಾ ಕೂರಲು ಸಮಯ ಇರುವುದಿಲ್ಲ. ಹಾಗಾಗಿ ಪರದೆಯ ಮೇಲೆ ಕಾಣುವುದನ್ನು ಕಂಡ ಹಾಗೇ ಇಟ್ಟು, ಅದರ ಅರ್ಥವನ್ನು ಪಕ್ಕದ ವಾಕ್ಯದಲ್ಲಿ ಕನ್ನಡದಲ್ಲಿ ಹೇಳಿದೆ: ‘RTH ಒತ್ತಿದರೆ ಡ್ರೋನ್ ತಾನು ಹೊರಟ ಜಾಗಕ್ಕೆ ತಾನೇ ವಾಪಸ್ ಬರುತ್ತದೆ.’

ಪ್ರೊಪೆಲ್ಲರ್ ಮೇಲೆ ಅಚ್ಚೊತ್ತಿದ CW, CCW ಕೂಡ ಹಾಗೇ ಉಳಿಯಿತು. ಅಲ್ಲಿ ಮಾತ್ರ ನಮ್ಮ ಭಾಷೆ ಕೈ ಹಿಡಿಯಿತು. CW ಎಂದರೆ ಪ್ರದಕ್ಷಿಣೆ ಹಾಕುವ ದಿಕ್ಕು ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ‘ಮೇಲಿನಿಂದ ನೋಡಿದಾಗ’ ಎಂಬ ಎರಡು ಪದ ಮಾತ್ರ ಸೇರಿಸಿದೆ. ಕೆಳಗಿನಿಂದ ನೋಡಿದರೆ ದಿಕ್ಕು ತಲೆಕೆಳಗಾಗುತ್ತದೆ.

ಮೊದಲ ಕರಡು ಕೊಟ್ಟ ಮೇಲೆ ನಾನೇ ಹಠ ಮಾಡಿದೆ: ಇದನ್ನು ನಿಜವಾಗಿ ಬಳಸುವವರೊಬ್ಬರು ಡ್ರೋನ್ ಮುಂದೆ ನಿಂತು ಓದಬೇಕು. ಏಜೆನ್ಸಿಗೆ ಇಷ್ಟವಿರಲಿಲ್ಲ, ಅದಕ್ಕೆ ದುಡ್ಡೂ ಇಲ್ಲ ಎಂದರು. ಕೊನೆಗೆ ಕಂಪನಿಯ ತರಬೇತುದಾರರೊಬ್ಬರು ಮಾಗಡಿ ಕಡೆಯ ಒಂದು ಊರಿಗೆ ಕರೆದುಕೊಂಡು ಹೋದರು. ಹೋಗಿ ಬರುವ ಖರ್ಚು ನನ್ನದೇ, ಊಟ ಸೇರಿ 640 ರೂಪಾಯಿ. ಅಲ್ಲಿ ತರಬೇತಿ ಮುಗಿಸಿದ್ದ ಸಂಘದ ಅಕ್ಕ ಒಬ್ಬರು ಸಿಕ್ಕರು. ಅವತ್ತು ಹಾರಿಸಲಿಲ್ಲ. ಪ್ರೊಪೆಲ್ಲರ್ ಬಿಚ್ಚಿಟ್ಟು, ಡ್ರೋನನ್ನು ಅಂಗಳದಲ್ಲಿ ಇಟ್ಟುಕೊಂಡು ಪುಟ ಪುಟ ಓದಿದೆವು. ಅಕ್ಕ ಓದುವುದು, ಓದಿದ ಹಾಗೆ ಮಾಡುವುದು, ನಾನು ಬಾಯಿ ಮುಚ್ಚಿಕೊಂಡು ಬರೆದುಕೊಳ್ಳುವುದು. ಒಪ್ಪಂದದಲ್ಲಿ ಇದಕ್ಕೆ ಒಂದು ದಿನದ ಕೂಲಿ ಮತ್ತು ಪ್ರಯಾಣ ಖರ್ಚು ಬರೆಸಿಕೊಳ್ಳಿ. ಈ ಓದು ಇಲ್ಲದೆ ಅನುವಾದ ಮುಗಿಯುವುದಿಲ್ಲ.

ಬ್ಯಾಟರಿ ಪುಟದಲ್ಲೇ ನನಗೆ ಎದೆ ಧಸಕ್ ಎಂದಿತು. ನಾನು ಹೀಗೆ ಬರೆದಿದ್ದೆ: ‘ಮೂರು ದಿನಕ್ಕಿಂತ ಹೆಚ್ಚು ಕಾಲ ಬಳಸದಿದ್ದರೆ ಬ್ಯಾಟರಿಯನ್ನು ಶೇಖರಣಾ ಚಾರ್ಜ್ ಸ್ಥಿತಿಯಲ್ಲಿ ಸಂಗ್ರಹಿಸಿ.’ ಮೂಲಕ್ಕೆ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ. ಅಕ್ಕ ಓದಿ, “ಅಂದ್ರೆ ಫುಲ್ ಚಾರ್ಜ್ ಮಾಡಿ ಎತ್ತಿಡೋದು ಅಲ್ವಾ ಮೇಡಂ?” ಎಂದರು. ಶೇಖರಣೆ ಎಂದರೆ ತುಂಬಿ ಇಡುವುದು ತಾನೇ? ಕಣಜ ತುಂಬುವ ಹಾಗೆ. ಅವರ ಅರ್ಥದಲ್ಲಿ ತಪ್ಪೇ ಇಲ್ಲ. ಆದರೆ ಮೂಲದ ಮಾತು ಅದಕ್ಕೆ ತದ್ವಿರುದ್ಧ.

ಈ ಬ್ಯಾಟರಿಗಳು ಲಿಥಿಯಂ ಪಾಲಿಮರ್. ಒಳಗಿನ ಒಂದೊಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ. ಹಾಗೇ ತುಂಬಿ ವಾರಗಟ್ಟಲೆ ಇಟ್ಟರೆ ಒಳಗಿನ ರಾಸಾಯನಿಕ ಕೆಡುತ್ತಾ ಹೋಗುತ್ತದೆ, ಅನಿಲ ಹುಟ್ಟಿ ಬ್ಯಾಟರಿ ಉಬ್ಬುತ್ತದೆ. ಸೆಕೆ ಹೆಚ್ಚಿದ್ದರೆ ಇನ್ನೂ ಬೇಗ. ಹಾಗಂತ ಪೂರ್ತಿ ಖಾಲಿ ಮಾಡಿಯೂ ಇಡುವಂತಿಲ್ಲ. ಸೆಲ್ 3 ವೋಲ್ಟ್‌ಗಿಂತ ಕೆಳಗೆ ಇಳಿದರೆ ಮತ್ತೆ ನಂಬುವ ಹಾಗಿಲ್ಲ. ಎತ್ತಿಡಲು ಸರಿಯಾದದ್ದು ನಡುವಿನ ಮಟ್ಟ, ಸೆಲ್‌ಗೆ 3.8ರಿಂದ 3.85 ವೋಲ್ಟ್. ಚಾರ್ಜರ್‌ನಲ್ಲಿ Storage ಎಂಬ ಆಯ್ಕೆ ಇರುವುದು ಇದಕ್ಕೇ. ಅದನ್ನು ಒತ್ತಿದರೆ ಜಾಸ್ತಿ ಇದ್ದದ್ದನ್ನು ಇಳಿಸಿ, ಕಡಿಮೆ ಇದ್ದದ್ದನ್ನು ಏರಿಸಿ ನಡುವಿಗೆ ತಂದು ನಿಲ್ಲಿಸುತ್ತದೆ.

ಅಲ್ಲೇ ಅಂಗಳದಲ್ಲಿ ಕೂತು ವಾಕ್ಯ ಬದಲಿಸಿದೆವು: ‘ಮೂರು ದಿನಕ್ಕಿಂತ ಜಾಸ್ತಿ ಬಳಸುವುದಿಲ್ಲ ಎಂದಾದರೆ ಬ್ಯಾಟರಿಯನ್ನು ಅರ್ಧ ಚಾರ್ಜ್‌ನಲ್ಲಿ ಎತ್ತಿಡಿ. ಫುಲ್ ಚಾರ್ಜ್ ಮಾಡಿ ಎತ್ತಿಡಬೇಡಿ. ಖಾಲಿ ಮಾಡಿಯೂ ಎತ್ತಿಡಬೇಡಿ. ಚಾರ್ಜರ್‌ನಲ್ಲಿ Storage ಒತ್ತಿದರೆ ಅದೇ ಅರ್ಧಕ್ಕೆ ನಿಲ್ಲುತ್ತದೆ.’ ಒಂದು ವಾಕ್ಯ ನಾಲ್ಕಾಯಿತು. ಅಕ್ಕ ಒಮ್ಮೆ ಓದಿ ತಲೆಯಾಡಿಸಿದರು.

ಅಷ್ಟಕ್ಕೇ ಮುಗಿಯಲಿಲ್ಲ. “3.8 ಎಲ್ಲಿ ಕಾಣುತ್ತೆ?” ಎಂದು ಕೇಳಿದರು. ಪುಸ್ತಕ ಮಾತಾಡುವುದು ಒಂದು ಸೆಲ್‌ನ ಲೆಕ್ಕ. ಚಾರ್ಜರ್ ದೊಡ್ಡದಾಗಿ ತೋರಿಸುವುದು ಇಡೀ ಬ್ಯಾಟರಿಯ ಲೆಕ್ಕ. ಈ ಡ್ರೋನ್‌ಗೆ ಆರು ಸೆಲ್‌ನ ಎರಡು ಬ್ಯಾಟರಿ ಒಂದರ ಹಿಂದೆ ಒಂದು ಜೋಡಿಸುತ್ತಾರೆ, ಹಾಗಾಗಿ ಆ್ಯಪ್ ತೋರಿಸುವುದು ಹನ್ನೆರಡು ಸೆಲ್‌ನ ಮೊತ್ತ. ಒಂದೇ ಮಟ್ಟಕ್ಕೆ ಮೂರು ಕಡೆ ಮೂರು ಅಂಕಿ. ಎತ್ತಿಡುವ ಮಟ್ಟ ಪುಸ್ತಕದಲ್ಲಿ 3.8, ಚಾರ್ಜರ್‌ನಲ್ಲಿ 22.8, ಆ್ಯಪ್‌ನಲ್ಲಿ 45.6. ಫುಲ್ ಆದಾಗ 4.2, 25.2, 50.4. ಮೂಲದಲ್ಲಿ ಇಲ್ಲದ ಒಂದು ಪುಟ್ಟ ಕೋಷ್ಟಕ ಮಾಡಿ ಸೇರಿಸಲು ಅನುಮತಿ ಕೇಳಿದೆ. ಕಂಪನಿಯ ಎಂಜಿನಿಯರ್ ಲೆಕ್ಕ ನೋಡಿ ಒಪ್ಪಿದರು. ನಿಮ್ಮ ಕೈಪಿಡಿಯ ಬ್ಯಾಟರಿ ಬೇರೆ ಬಗೆಯದಿರಬಹುದು. ಕೆಲವು ಸೆಲ್‌ಗಳು 4.35 ವೋಲ್ಟ್‌ವರೆಗೆ ತುಂಬುತ್ತವೆ. ಹಾಗಾಗಿ ಈ ಅಂಕಿಗಳನ್ನು ಎತ್ತಿ ಹಾಕಬೇಡಿ, ನಿಮ್ಮ ಮೂಲದಿಂದಲೇ ಗುಣಿಸಿ.

ಬ್ಯಾಟರಿಯ ಉಳಿದ ವಾಕ್ಯಗಳು ಬೇಗ ಸರಿಹೋದವು. ‘ಗಮನವಿಲ್ಲದೆ ಚಾರ್ಜ್ ಮಾಡಬೇಡಿ’ ಎಂದು ಬರೆದದ್ದನ್ನು ಅಕ್ಕನೇ ‘ಚಾರ್ಜಿಗೆ ಹಾಕಿ ಬಿಟ್ಟು ಹೋಗಬೇಡಿ’ ಮಾಡಿಸಿದರು. ಹಾರಿ ಬಂದ ಬ್ಯಾಟರಿ ಬಿಸಿ ಇರುತ್ತದೆ, ತಣ್ಣಗಾದ ಮೇಲೆ ಚಾರ್ಜಿಗೆ ಹಾಕಿ. ಉಬ್ಬಿದ ಬ್ಯಾಟರಿಯನ್ನು ಒತ್ತಿ ಸಪಾಟು ಮಾಡಬೇಡಿ, ಚುಚ್ಚಬೇಡಿ. ಈ ಕೊನೆಯ ಮಾತು ಮೂಲದಲ್ಲಿ ‘ಕಾಷನ್’ ಅಡಿಯಲ್ಲಿ ಇತ್ತು. ಅದನ್ನು ‘ಅಪಾಯ’ದ ಅಡಿಗೆ ತರಲು ನಾನು ಬರೆದು ಕೇಳಿದೆ, ಒಪ್ಪಿದರು. ಕನ್ನಡದಲ್ಲಿ ‘ಎಚ್ಚರಿಕೆ’ ಎಂಬ ಒಂದೇ ಪದವನ್ನು ವಾರ್ನಿಂಗ್‌ಗೂ ಕಾಷನ್‌ಗೂ ಬಳಸುವವರು ಬಹಳ. ಮೂಲದಲ್ಲಿ ಅವು ಬೇರೆ ಬೇರೆ ಮೆಟ್ಟಿಲು. ಒಂದರಲ್ಲಿ ಸಾವು ಅಥವಾ ದೊಡ್ಡ ಗಾಯ ಆಗಬಹುದು, ಇನ್ನೊಂದರಲ್ಲಿ ಸಣ್ಣ ಪೆಟ್ಟು. ನಾನು ಅಪಾಯ, ಎಚ್ಚರಿಕೆ, ಜಾಗ್ರತೆ, ಗಮನಿಸಿ ಎಂಬ ನಾಲ್ಕನ್ನು ಮೊದಲ ಪುಟದಲ್ಲೇ ವಿವರಿಸಿ, ಕೊನೆವರೆಗೂ ಅದನ್ನೇ ಹಿಡಿದೆ.

ಮಧ್ಯಾಹ್ನ ಕಂಪಾಸ್ ಸರಿಹೊಂದಿಸುವ ಪುಟಕ್ಕೆ ಬಂದೆವು. ಡ್ರೋನ್‌ಗೆ ತನ್ನ ಮೂತಿ ಯಾವ ದಿಕ್ಕಿಗಿದೆ ಎಂದು ತಿಳಿಯುವುದು ಭೂಮಿಯ ಕಾಂತಶಕ್ತಿಯಿಂದ. ಹೊಸ ಊರಿಗೆ ಹೋದಾಗ, ಅಥವಾ Compass Error ಬಂದಾಗ, ಅದನ್ನು ಎರಡು ಬಗೆಯಲ್ಲಿ ತಿರುಗಿಸಿ ಸರಿಹೊಂದಿಸಬೇಕು. ನಾನು ಬರೆದಿದ್ದೆ: ‘ಡ್ರೋನನ್ನು ಅಡ್ಡಲಾಗಿ ಹಿಡಿದು 360 ಡಿಗ್ರಿ ತಿರುಗಿಸಿ.’ ಅಕ್ಕ ಮತ್ತು ತರಬೇತುದಾರರು ಇಬ್ಬರೂ ಎತ್ತಿಕೊಂಡರು. ಅಕ್ಕ ಡ್ರೋನನ್ನು ಪಕ್ಕಕ್ಕೆ ಮಗುಚಿದರು. ‘ಅಡ್ಡ’ ಎಂದರೆ ನಮಗೆ ಅಡ್ಡ ಮಲಗಿಸುವುದೂ ಹೌದು ಅಲ್ವಾ? ಆ್ಯಪ್ ಕೆಂಪು ಬಣ್ಣದಲ್ಲೇ ನಿಂತಿತು.

ಅಲ್ಲಿಂದ ನಾನು ಡಿಗ್ರಿ, ಅಡ್ಡ, ಲಂಬ ಎಲ್ಲ ಕೈಬಿಟ್ಟೆ. ಈಗ ಪುಸ್ತಕದಲ್ಲಿ ಇರುವುದು ಇದು: ‘ಟ್ಯಾಂಕ್ ಖಾಲಿ ಮಾಡಿ. ಪ್ರೊಪೆಲ್ಲರ್ ಬಿಚ್ಚಿಡಿ. ಇಬ್ಬರು ಎದುರುಬದುರು ನಿಂತು ಎತ್ತಿ. ಡ್ರೋನ್‌ನ ಹೊಟ್ಟೆ ನೆಲದ ಕಡೆ ಇರಲಿ. ಹಾಗೇ ಹಿಡಿದುಕೊಂಡು ಒಂದು ಪೂರ್ತಿ ಸುತ್ತು ಬನ್ನಿ. ಪರದೆಯಲ್ಲಿ ಮುಂದಿನ ಚಿತ್ರ ಬಂದ ಮೇಲೆ ಮೂತಿ ನೆಲ ನೋಡುವಂತೆ ಬಗ್ಗಿಸಿ ಇನ್ನೊಂದು ಸುತ್ತು ಬನ್ನಿ.’ ಇದನ್ನು ಓದಿ ಮಾಡಿದಾಗಲೂ ಮೊದಲ ಸಲ ಆಗಲಿಲ್ಲ. ತರಬೇತುದಾರರು ಸುತ್ತ ನೋಡಿ ನಕ್ಕರು. ನಾವು ನಿಂತಿದ್ದು ತಗಡಿನ ಶೀಟ್ ಹಾಕಿದ ಕೊಟ್ಟಿಗೆ ಪಕ್ಕ, ಆಚೆಗೆ ಟ್ರ್ಯಾಕ್ಟರ್. ಕಬ್ಬಿಣ ಹತ್ತಿರ ಇದ್ದರೆ ಕಂಪಾಸ್‌ಗೆ ಸುಳ್ಳು ದಿಕ್ಕು ಕಾಣುತ್ತದೆ. ಬಯಲಿಗೆ ಹೋಗಿ, ಫೋನ್ ಮತ್ತು ಬೀಗದ ಕೈ ದೂರ ಇಟ್ಟು ಮಾಡಿದ ಮೇಲೆ ಹಸಿರು ಬಂತು.

ಮೂಲದಲ್ಲಿ ‘ಲೋಹದ ವಸ್ತುಗಳಿಂದ ದೂರವಿರಿ’ ಎಂದಷ್ಟೇ ಇತ್ತು. ನಾನು ಹೆಸರು ಹಿಡಿದು ಬರೆದೆ: ತಗಡಿನ ಚಾವಣಿ, ಟ್ರ್ಯಾಕ್ಟರ್, ಪಂಪ್‌ಸೆಟ್, ಆರ್‌ಸಿಸಿ ಕಣ. ಕಣದ ಸಿಮೆಂಟಿನ ಒಳಗೆ ಕಂಬಿ ಇರುತ್ತದೆ ಎಂಬುದು ಯಾರಿಗೂ ತಟ್ಟನೆ ಹೊಳೆಯುವುದಿಲ್ಲ. ಸಪಾಟಾಗಿದೆ ಎಂದು ಅಲ್ಲೇ ಇಟ್ಟು ಮಾಡುತ್ತಾರೆ. ಹಾಗೆ ತಪ್ಪಾಗಿ ಸರಿಹೊಂದಿಸಿದ ಡ್ರೋನ್ ಮೇಲೆದ್ದು ಒಂದೇ ಕಡೆ ನಿಲ್ಲಲು ಹೋದಾಗ ನಿಲ್ಲುವುದಿಲ್ಲ, ದೊಡ್ಡದಾಗುತ್ತಾ ಹೋಗುವ ಸುತ್ತು ಹೊಡೆಯುತ್ತದೆ. ಅದು ಕಂಡರೆ ಕೂಡಲೇ ಇಳಿಸಬೇಕು. ತರಬೇತುದಾರರು ಹೇಳಿದ ಈ ಗುರುತನ್ನು, ಅವರ ಒಪ್ಪಿಗೆಯ ಮೇಲೆ, ಒಂದು ಸಾಲಾಗಿ ಸೇರಿಸಿದೆವು.

‘ಪೇಲೋಡ್’ ಪದ ಇನ್ನೊಂದು ತೊಡಕು. ಮೂಲದಲ್ಲಿ ಅದು ಎರಡು ಅರ್ಥದಲ್ಲಿ ಬರುತ್ತದೆ. ಕೆಲವು ಕಡೆ ಡ್ರೋನ್ ಹೊರುವ ತೂಕ, ಕೆಲವು ಕಡೆ ಅದಕ್ಕೆ ಕಟ್ಟಿದ ಟ್ಯಾಂಕ್, ಪಂಪ್, ನಾಜಲ್‌ಗಳ ಸೆಟ್ಟು. ತೂಕಕ್ಕೆ ‘ಹೊರೆ’, ಸಾಧನಕ್ಕೆ ‘ಸಿಂಪರಣೆ ಸೆಟ್’ ಎಂದು ಬೇರೆ ಮಾಡಿದೆ. ಇದು ಬರೀ ಭಾಷೆಯ ವಿಷಯ ಅಲ್ಲ. ನಮ್ಮ ದೇಶದ ನಿಯಮ ಡ್ರೋನನ್ನು ತೂಗುವುದು ಹೊರೆ ಸೇರಿಸಿ. 2 ಕಿಲೋ ದಾಟಿ 25 ಕಿಲೋವರೆಗೆ ‘ಸ್ಮಾಲ್’, ಅದನ್ನು ದಾಟಿದರೆ ‘ಮೀಡಿಯಂ’. ಈ ಡ್ರೋನ್ ಬ್ಯಾಟರಿ ಸೇರಿ 14.5 ಕಿಲೋ, 10 ಲೀಟರ್ ನೀರು ತುಂಬಿದರೆ 24.5. ಮೂಲದ ಕೋಷ್ಟಕದಲ್ಲಿ ಸುಮ್ನೆ ‘ತೂಕ 14.5’ ಎಂದಿತ್ತು. ಅದನ್ನು ‘ಟ್ಯಾಂಕ್ ಖಾಲಿ ಇದ್ದಾಗ’ ಮತ್ತು ‘ಟ್ಯಾಂಕ್ ತುಂಬಿದಾಗ’ ಎಂದು ಎರಡು ಸಾಲು ಮಾಡಿಸಿದೆ. ದೊಡ್ಡ ಟ್ಯಾಂಕ್ ಕಟ್ಟಿಕೊಳ್ಳಲು ಹೊರಟವರಿಗೆ ಅರ್ಧ ಕಿಲೋ ಮಾತ್ರ ಉಳಿದಿದೆ ಎಂದು ಆಗಲೇ ಕಾಣುತ್ತದೆ.

ಪಂಪಿನಿಂದ ಎಷ್ಟು ಔಷಧಿ ಹೊರಬಿತ್ತು ಎಂದು ಅಳೆಯುವ ಮೀಟರನ್ನು ಸರಿಹೊಂದಿಸುವಾಗಲೂ ಒಂದೇ ಪದ ಕೆಲಸ ಕೆಡಿಸಿತ್ತು. ಬರೀ ನೀರು ತುಂಬಿ, ಜಗ್‌ಗೆ ಹಿಡಿದು, ‘ನಿಜವಾದ ಮೌಲ್ಯವನ್ನು ನಮೂದಿಸಿ’ ಎಂದು ಬರೆದಿದ್ದೆ. ಪರದೆಯಲ್ಲಿ 1000 ಮಿಲಿಲೀಟರ್ ಇತ್ತು, ಜಗ್‌ನಲ್ಲಿ 900. ಅಕ್ಕ ಮತ್ತೆ 1000 ಎಂದೇ ಒತ್ತಿದರು. ಮೆಷಿನ್ ತೋರಿಸುವುದೇ ನಿಜ ಎಂದು ಅವರು ತಿಳಿದದ್ದು. ಹಾಗೇ ಬಿಟ್ಟಿದ್ದರೆ ಎಕರೆಗೆ 10 ಲೀಟರ್ ಎಂದುಕೊಂಡಲ್ಲಿ 9 ಲೀಟರ್ ಬೀಳುತ್ತಿತ್ತು. ‘ಜಗ್‌ನಲ್ಲಿ ಎಷ್ಟು ಬಂತೋ ಅಷ್ಟನ್ನೇ ಒತ್ತಿ’ ಎಂದು ತಿದ್ದಿದೆ.

ಎಲ್ಲಕ್ಕಿಂತ ಹೆಚ್ಚು ಕಾಯಿಸಿದ್ದು ಎಲ್ಲಿ ಹಾರಿಸಬಹುದು, ಎಲ್ಲಿ ಕೂಡದು ಎಂಬ ಅಧ್ಯಾಯ. ಮೂಲದಲ್ಲಿ ‘ವಿಮಾನ ನಿಲ್ದಾಣದಿಂದ 5 ಮೈಲಿ ಒಳಗೆ ಹಾರಿಸಬೇಡಿ’ ಎಂದಿತ್ತು. ಇದು ಅಮೆರಿಕದ ಹಳೆಯ ಮಾತು. ಹವ್ಯಾಸಕ್ಕೆ ಹಾರಿಸುವವರು 5 ಮೈಲಿ ಒಳಗಾದರೆ ನಿಲ್ದಾಣಕ್ಕೆ ತಿಳಿಸಬೇಕು ಎಂದು ಅಲ್ಲಿ ಇತ್ತು. ನಾನು ಮೊದಲು ಸರಳವಾಗಿ 8 ಕಿಲೋಮೀಟರ್ ಮಾಡಿದ್ದೆ. ನೋಡಲು ನಮ್ಮ ನಿಯಮದ ಹಾಗೇ ಕಾಣುತ್ತದೆ, ಅದೇ ಅಪಾಯ. ನಮ್ಮಲ್ಲಿ 2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳಲ್ಲಿ ಕೆಂಪು, ಹಳದಿ, ಹಸಿರು ಎಂದು ಮೂರು ವಲಯ. ಹಸಿರಿನಲ್ಲಿ 400 ಅಡಿ, ಅಂದರೆ 120 ಮೀಟರ್ ಎತ್ತರದವರೆಗೆ ಹಾರಾಟಕ್ಕೆ ಅನುಮತಿ ಬೇಡ. ಆದರೆ ನಡೆಯುತ್ತಿರುವ ವಿಮಾನ ನಿಲ್ದಾಣದ ಗಡಿಯಿಂದ 8 ಮತ್ತು 12 ಕಿಲೋಮೀಟರ್ ನಡುವೆ ಹಸಿರು ಇರುವುದು 200 ಅಡಿ, 60 ಮೀಟರ್‌ವರೆಗೆ ಮಾತ್ರ. ಅದರ ಮೇಲೆ ಹಳದಿ. ಹಳದಿಗೆ ವಿಮಾನ ಸಂಚಾರ ನಿಯಂತ್ರಣದವರ ಅನುಮತಿ ಬೇಕು. ನನ್ನ ‘8 ಕಿಲೋಮೀಟರ್’ ಓದಿದವರು ಅದು ದಾಟಿದ ಕೂಡಲೇ ಎಲ್ಲ ಸಲೀಸು ಎಂದುಕೊಳ್ಳುತ್ತಿದ್ದರು.

ಔಷಧಿ ಹೊಡೆಯುವಾಗ ಡ್ರೋನ್ ಬೆಳೆಯ ಮೇಲೆ ಎರಡು ಮೂರು ಮೀಟರ್‌ನಲ್ಲಿ ಇರುತ್ತದೆ, ಎತ್ತರದ ಚಿಂತೆ ಯಾಕೆ ಎಂದು ಏಜೆನ್ಸಿಯವರು ಕೇಳಿದರು. RTH ಒತ್ತಿದಾಗ ಡ್ರೋನ್ ಮೊದಲು ಮೇಲಕ್ಕೆ ಏರಿ ಆಮೇಲೆ ವಾಪಸ್ ಬರುತ್ತದೆ. ಎಷ್ಟು ಏರಬೇಕು ಎಂದು ಆ್ಯಪ್‌ನಲ್ಲಿ ನಾವೇ ಇಡುವುದು. ನಿಲ್ದಾಣದಿಂದ 8 ಮತ್ತು 12 ಕಿಲೋಮೀಟರ್ ನಡುವೆ ಇರುವವರು ಅಲ್ಲಿ 80 ಮೀಟರ್ ಇಟ್ಟರೆ ಗೊತ್ತಿಲ್ಲದೆ ಹಳದಿಗೆ ಹೋಗುತ್ತಾರೆ. ಬೆಂಗಳೂರಿನ ಉತ್ತರಕ್ಕೆ ದೇವನಹಳ್ಳಿ ಕಡೆಯ ದೊಡ್ಡ ನಿಲ್ದಾಣ, ಯಲಹಂಕದ ವಾಯುಪಡೆ ನೆಲೆ, ಜಕ್ಕೂರು, ಪೂರ್ವಕ್ಕೆ ಎಚ್‌ಎಎಲ್ ಇವೆ. ಆ ಸುತ್ತಿನ ಹೊಲದವರಿಗೆ ಇದು ಕಾಗದದ ಮಾತಲ್ಲ.

ಕಾನೂನಿನ ಅಧ್ಯಾಯವನ್ನು ಅನುವಾದಕರು ತಾವಾಗಿ ಬದಲಿಸಬಾರದು. ನಾನು ಸಾಲು ಸಾಲಾಗಿ ಪ್ರಶ್ನೆ ಬರೆದು, ಈ ಅಧ್ಯಾಯಕ್ಕೆ ಭಾರತದ ನಿಯಮದ ಹೊಸ ಮೂಲ ಬರೆದುಕೊಡಿ ಎಂದು ಕೇಳಿದೆ. ಉತ್ತರ ಬರಲು 19 ದಿನ. ಮಧ್ಯೆ ಎರಡು ಸಲ ‘ಹೇಗಿದೆಯೋ ಹಾಗೇ ಮಾಡಿ ಕೊಡಿ’ ಎಂದು ಫೋನ್ ಬಂತು. ಆ ದಿನಗಳಲ್ಲಿ ನಿದ್ದೆ ಸರಿ ಬರಲಿಲ್ಲ, ಕೆಲಸ ಕೈತಪ್ಪುತ್ತದೆ ಎಂಬ ಭಯ ನಿಜಕ್ಕೂ ಇತ್ತು. ಪ್ರಶ್ನೆಗಳನ್ನು ಫೋನಿನಲ್ಲಿ ಹೇಳದೆ ಇಮೇಲ್‌ನಲ್ಲೇ ಕೇಳಿದ್ದು ಒಳ್ಳೆಯದಾಯಿತು. ಕೊನೆಗೆ ಕಂಪನಿಯವರು ಹೊಸ ಪಠ್ಯ ಕಳಿಸಿದರು. ಅದರಲ್ಲಿ ನಕ್ಷೆಯನ್ನು ಅಚ್ಚು ಹಾಕಲಿಲ್ಲ, ವಲಯಗಳು ಬದಲಾಗುತ್ತಿರುತ್ತವೆ. ಹಾರಿಸುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆ ನೋಡಲೇಬೇಕು ಎಂದು ಇದೆ. ಆ್ಯಪ್ ಹಾರಲು ಬಿಟ್ಟಿತು ಎಂದರೆ ಕಾನೂನು ಬಿಟ್ಟಿತು ಎಂದಲ್ಲ, ಎರಡೂ ಬೇರೆ ಬೇರೆ, ಎಂಬ ಸಾಲನ್ನೂ ಅವರೇ ಹಾಕಿದ್ದರು.

ಇಷ್ಟಾದ ಮೇಲೆ ಪುಟ ಕಟ್ಟುವವರ ಸರದಿ. ಮೊದಲ ಪ್ರೂಫ್‌ನಲ್ಲಿ ಒತ್ತಕ್ಷರಗಳೆಲ್ಲ ಒಡೆದಿದ್ದವು. ‘ಬ್ಯಾಟರಿ’ ಹೋಗಿ ‘ಬ್‌ಯಾಟರಿ’. ಹಳೆಯ ಕಾಲದ ಫಾಂಟ್‌ಗೆ ಬದಲಿಸಿ ಕೊಡಿ ಎಂದು ಕೇಳಿದರು. ಹಾಗೆ ಮಾಡಿದರೆ ಮೊಬೈಲ್‌ನಲ್ಲಿ ಪಿಡಿಎಫ್ ತೆರೆದು ‘ಬ್ಯಾಟರಿ’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಇನ್‌ಡಿಸೈನ್‌ನಲ್ಲಿ Adobe World-Ready Paragraph Composer ಎಂಬ ಆಯ್ಕೆ ಹಾಕಿದರೆ ಯೂನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ. ಅದು ಗೊತ್ತಾಗಲು ನಾಲ್ಕು ದಿನ ಹೋಯಿತು. ಕೋಷ್ಟಕದಲ್ಲಿ ಸಾಲಿನ ಅಂತರ ಸಾಲದೆ ಒತ್ತುಗಳ ಕಾಲು ಕತ್ತರಿಸಿದ್ದವು, ಅದನ್ನೂ ಹಿಗ್ಗಿಸಬೇಕಾಯಿತು. ಪ್ರೂಫ್ ನೋಡುವ ಹಕ್ಕನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ.

ಹಣ ಬಂದದ್ದು ಬಿಲ್ ಕೊಟ್ಟ 45 ದಿನಕ್ಕೆ. ಶೇ 10 ಟಿಡಿಎಸ್ ಕಳೆದು 20,790. ಕಾನೂನಿನ ಅಧ್ಯಾಯ ಹೊಸದಾಗಿ ಮಾಡಿದ್ದಕ್ಕೆ ಬೇರೆ ಬಿಲ್ ಹಾಕಿದ್ದೇನೆ, ಅದು ಇನ್ನೂ ಬರಬೇಕು.

ಪುಸ್ತಕ ಬಂದ ದಿನವೇ ಒಂದು ಪ್ರತಿಯನ್ನು ಅಕ್ಕನಿಗೆ ಕಳಿಸಿದೆ. ನಿನ್ನೆ ಫೋನ್ ಮಾಡಿದ್ದರು. ವೋಲ್ಟ್ ಕೋಷ್ಟಕದ ಪುಟವನ್ನು ಜೆರಾಕ್ಸ್ ಮಾಡಿಸಿ ಚಾರ್ಜರ್ ಇಡುವ ಗೂಡಿನ ಮೇಲೆ ಅಂಟಿಸಿದ್ದಾರಂತೆ. ಜೊತೆಗೆ 31ನೇ ಪುಟದಲ್ಲಿ ಒಂದು ಚಿತ್ರ ತಲೆಕೆಳಗಾಗಿದೆ ಎಂದರು. ತೆಗೆದು ನೋಡಿದೆ, ಹೌದು. ಮುಂದಿನ ಮುದ್ರಣಕ್ಕೆ ತಿದ್ದಲು ಬರೆದು ಕಳಿಸಿದ್ದೇನೆ.